ದೇಣಿಗೆ ರಸೀದಿಯ ಫೋಟೊ ಒಂದೇ ಇನ್ನು ಸಾಲದು: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯರೇ, ಶರಣು.

ಇಷ್ಟು ವರ್ಷ ನೀವು ವಾಟ್ಸಾಪಿನಲ್ಲಿ ದೇಣಿಗೆ ರಸೀದಿಯ ಫೋಟೊ ಕಳಿಸುತ್ತಿದ್ದಿರಿ. ನಾವು ಅದನ್ನು ನೋಡಿ ನಿಮ್ಮ ಆದಾಯ ತೆರಿಗೆ ರಿಟರ್ನ್‌ನಲ್ಲಿ 80ಜಿ ಕಡಿತ ತುಂಬುತ್ತಿದ್ದೆವು. 2024-25ರಲ್ಲಿ ಕೊಟ್ಟ ದೇಣಿಗೆಗಳಿಂದ ಈ ಪದ್ಧತಿ ನಿಲ್ಲಿಸುತ್ತಿದ್ದೇವೆ. ಟ್ರಸ್ಟು, ಸಂಸ್ಥೆಗಳಿಗೆ ಕೊಟ್ಟ ದೇಣಿಗೆಯಾದರೆ ಫೋಟೊ ಜೊತೆಗೆ ಇನ್ನೆರಡು ಕಾಗದ ಬೇಕು. ಒಂದು, ಆ ಸಂಸ್ಥೆ ಕೊಡುವ ದೇಣಿಗೆ ಪ್ರಮಾಣಪತ್ರ, ಅಂದರೆ ಫಾರ್ಮ್ 10ಬಿಇ. ಇನ್ನೊಂದು, ಹಣ ಹೋದದ್ದನ್ನು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ 80ಜಿ ಕಡಿತವೇ ಇಲ್ಲ, ಅವರು ಈ ಪತ್ರವನ್ನು ಇಲ್ಲಿಗೇ ಮಡಚಿ ಇಡಬಹುದು.

ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಹೋದ ವರ್ಷ ನಮ್ಮ ಹಳೆಯ ಗ್ರಾಹಕರಾದ ಮಾಸ್ತರೊಬ್ಬರು ಒಂದು ಟ್ರಸ್ಟಿಗೆ ಕೊಟ್ಟ 11,000 ರೂಪಾಯಿಯ ರಸೀದಿ ಕಳಿಸಿದ್ದರು. ನಮ್ಮ ಕಡೆ ರಸೀದಿಗೆ ಪಾವತಿ ಅನ್ನುತ್ತೇವಲ್ಲ, "ಪಾವತಿ ಕಳ್ಸೀನ್ರಿ, ನೋಡ್ರಿ" ಎಂದು ಫೋನೂ ಮಾಡಿದ್ದರು. ಅವರ ಒಟ್ಟು ಆದಾಯ 7,50,000, ಅದರಲ್ಲಿ 80ಸಿ ಕಡಿತ 1,50,000. ಉಳಿದ 6,00,000ದ ಶೇಕಡಾ 10, ಅಂದರೆ 60,000 ರೂಪಾಯಿವರೆಗಿನ ದೇಣಿಗೆಯನ್ನು ಲೆಕ್ಕಕ್ಕೆ ಹಿಡಿಯಬಹುದು. 11,000 ಆ ಮಿತಿಯೊಳಗೇ ಇತ್ತು. ಅದರ ಅರ್ಧ 5,500 ಕಡಿತ ತುಂಬಿದೆವು. ಅವರಿಗೆ ಉಳಿದ ತೆರಿಗೆ ಶೇಕಡಾ 20ರಂತೆ 1,100, ಸೆಸ್ ಸೇರಿ 1,144 ರೂಪಾಯಿ.

ನವೆಂಬರಿನಲ್ಲಿ ಅವರು ಬೇರೆ ಕೆಲಸಕ್ಕೆ ಬಂದಾಗ ಟ್ರಸ್ಟಿನವರು ತಡವಾಗಿ ಕೊಟ್ಟ 10ಬಿಇ ಅವರ ಚೀಲದಲ್ಲಿತ್ತು. ಅದರಲ್ಲಿ ಹಣ ಕೊಟ್ಟ ಬಗೆ 'ನಗದು' ಎಂದಿತ್ತು. ಮಾಸ್ತರು ಒಪ್ಪಲಿಲ್ಲ. "ನಾ ಫೋನ್‌ದಾಗ ಹಾಕೀನ್ರಿ, ರೊಕ್ಕ ಕೈಯಾಗ ಕೊಟ್ಟೇ ಇಲ್ಲ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಯುಪಿಐ ಮೂಲಕ ಹಾಕಿದ್ದು ನಿಜ, ಆದರೆ ಹಾಕಿದ್ದು ಟ್ರಸ್ಟಿನ ಖಾತೆಗಲ್ಲ, ಅಲ್ಲಿ ರಸೀದಿ ಪುಸ್ತಕ ಹಿಡಿದು ಕೂತವರ ಸ್ವಂತ ಮೊಬೈಲ್ ನಂಬರಿಗೆ. ಆ ಮನುಷ್ಯ ಅಷ್ಟನ್ನೂ ನಗದಾಗಿ ಟ್ರಸ್ಟಿಗೆ ಕಟ್ಟಿದ್ದ. ಟ್ರಸ್ಟಿನ ಪುಸ್ತಕದಲ್ಲಿ ಅದು ನಗದೇ ಆಯಿತು, ತಿದ್ದಿಸಲು ಏನೂ ಉಳಿಯಲಿಲ್ಲ. ಮತ್ತೆ ಆ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ, ಮಡಿಕೆ ಬಿದ್ದ ಮೂಲೆಯಲ್ಲಿ 'ನಗದು' ಎಂಬ ಪದದ ಮುಂದೆ ಟಿಕ್ ಗುರುತು ಇತ್ತು. ನಾವು ಮೊತ್ತ ನೋಡಿದ್ದೆವು, ಅದನ್ನು ನೋಡಿರಲಿಲ್ಲ. ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಸಲ್ಲಿಸಿ 1,144 ರೂಪಾಯಿ ವಾಪಸ್ ಕಟ್ಟಿಸಿದೆವು. ಮೇಲೆ ಬಿದ್ದ ಬಡ್ಡಿಯನ್ನು ನಾವೇ ಭರಿಸಿದೆವು.

ನಗದಿನ ನಿಯಮದಲ್ಲಿ ಬಹಳ ಜನ ಒಂದು ಕಡೆ ಎಡವುತ್ತಾರೆ. ನಗದಾಗಿ ಕೊಟ್ಟ ದೇಣಿಗೆ 2,000 ರೂಪಾಯಿ ದಾಟಿದರೆ ಕಡಿತ ಇಲ್ಲ. 11,000 ಕೊಟ್ಟರೆ 2,000ಕ್ಕಾದರೂ ಸಿಕ್ಕೀತು ಎಂದುಕೊಳ್ಳುತ್ತಾರೆ, ಅದೂ ಇಲ್ಲ, ಪೂರ್ತಿ ಮೊತ್ತವೇ ಹೋಗುತ್ತದೆ. ಎಟಿಎಂನಿಂದ ಅದೇ ದಿನ ಹಣ ತೆಗೆದ ಚೀಟಿ ತೋರಿಸಿದರೂ ಪ್ರಯೋಜನವಿಲ್ಲ. ದಾಸೋಹಕ್ಕೆ ಕೊಟ್ಟ ತೊಗರಿಬೇಳೆ, ಜೋಳದ ಚೀಲಗಳೂ ಇದರೊಳಗೆ ಬರುವುದಿಲ್ಲ, ವಸ್ತುರೂಪದ ದಾನಕ್ಕೆ 80ಜಿ ಕಡಿತ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವುದು ಇದಕ್ಕೇ. ಯುಪಿಐ ಆದರೆ ಅದರ 12 ಅಂಕಿಯ ವ್ಯವಹಾರ ಸಂಖ್ಯೆ, ಹಣ ಪಡೆದವರ ಹೆಸರು ಆ ಸಾಲಿನಲ್ಲೇ ಸಾಮಾನ್ಯವಾಗಿ ಸಿಗುತ್ತದೆ. ಆ ಹೆಸರು ಸಂಸ್ಥೆಯದೋ ವ್ಯಕ್ತಿಯದೋ ಎಂದು ಮೊದಲು ನೋಡುತ್ತೇವೆ.

ಎರಡನೆಯದು ನೋಂದಣಿ ಸಂಖ್ಯೆ. ರಸೀದಿಯ ಮೇಲೆ ನಾಲ್ಕೈದು ನಂಬರು ಅಚ್ಚಾಗಿರುತ್ತವೆ, ಅದರಲ್ಲಿ ಟ್ರಸ್ಟ್ ನೋಂದಣಿಯದೂ ಇರುತ್ತದೆ, 12ಎ ಎಂಬುದೂ ಇರುತ್ತದೆ. 12ಎ ಇದ್ದರೆ ಸಂಸ್ಥೆಯ ಆದಾಯಕ್ಕೆ ವಿನಾಯಿತಿ, ಕೊಟ್ಟವರಿಗೆ ಅದರಿಂದ ಏನೂ ಇಲ್ಲ. ನಿಮಗೆ ಬೇಕಾದದ್ದು 80ಜಿ ಅನುಮೋದನೆಯ ಸಂಖ್ಯೆ. ಅದು 16 ಅಕ್ಷರಗಳದು, ಮೊದಲ ಹತ್ತು ಆ ಸಂಸ್ಥೆಯ ಪ್ಯಾನ್. ಇಷ್ಟು ಗೊತ್ತಿದ್ದರೆ ಮಸುಕಾದ ಫೋಟೊವನ್ನೂ ಪರೀಕ್ಷಿಸಬಹುದು. ಪ್ಯಾನಿನಲ್ಲಿ ಮೊದಲ ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಹಾಗಾಗಿ ಎರಡನೇ ಜಾಗದಲ್ಲಿ `8` ಕಂಡರೆ ಅದು `B` ಇರಬೇಕು, ಏಳನೇ ಜಾಗದಲ್ಲಿ `S` ಕಂಡರೆ ಅದು `5` ಇರಬೇಕು. `O` ಮತ್ತು `0` ಹಾಗೇ. ನಾಲ್ಕನೇ ಅಕ್ಷರ ಟ್ರಸ್ಟಾದರೆ `T`. ಅಲ್ಲಿ `P` ಇದ್ದರೆ ಅದು ಒಬ್ಬ ವ್ಯಕ್ತಿಯ ಪ್ಯಾನ್, ಅಂಥ ರಸೀದಿಯನ್ನು ನಾವು ಅಲ್ಲೇ ಬದಿಗಿಡುತ್ತೇವೆ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಇಲಾಖೆಯ ಜಾಲತಾಣದ ವಿನಾಯಿತಿ ಸಂಸ್ಥೆಗಳ ಪಟ್ಟಿಯಲ್ಲಿ ಹುಡುಕಿದಾಗ ಹೆಸರು ಸಿಗುವುದಿಲ್ಲ, ಅಥವಾ ಬೇರೆ ಯಾರದೋ ಸಿಗುತ್ತದೆ.

ಕೆಲವರು ಹಳೆಯ ರಸೀದಿ ಪುಸ್ತಕಗಳನ್ನೇ ಇನ್ನೂ ಖರ್ಚು ಮಾಡುತ್ತಿದ್ದಾರೆ. ಅವುಗಳಲ್ಲಿ ಹಿಂದಿನ ಕಾಲದ ಆಯುಕ್ತರ ಆದೇಶ ಸಂಖ್ಯೆ ಇರುತ್ತದೆ. 2021ರಿಂದ ಎಲ್ಲರೂ ಹೊಸದಾಗಿ ನೋಂದಣಿ ಮಾಡಿಸಬೇಕಾಗಿ ಬಂತು, ಹಳೆಯ ಸಂಖ್ಯೆ ಈಗ ನಡೆಯುವುದಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಮಠ ಒಂದು, ಅದರ ಹೆಸರಿನಲ್ಲೇ ನಡೆಯುವ ಶಿಕ್ಷಣ ಸಂಸ್ಥೆ ಇನ್ನೊಂದು. 80ಜಿ ಅನುಮೋದನೆ ಶಿಕ್ಷಣ ಸಂಸ್ಥೆಗೆ ಇದ್ದು ಮಠಕ್ಕೆ ಇಲ್ಲದಿರಬಹುದು. ಜಾತ್ರೆಯಲ್ಲಿ ಕೊಟ್ಟ ಹಣಕ್ಕೆ ಮಠದ ರಸೀದಿ ಬಂದಿದ್ದರೆ ಶಿಕ್ಷಣ ಸಂಸ್ಥೆಯ ನಂಬರು ಹಾಕಿ ಕಡಿತ ಕೇಳಲು ಬರುವುದಿಲ್ಲ. ನೀವು ಕೊಟ್ಟಿದ್ದು ಪುಣ್ಯಕ್ಕೆ ಹೋಯಿತು, ತೆರಿಗೆ ಲೆಕ್ಕಕ್ಕೆ ಬರಲಿಲ್ಲ ಅಷ್ಟೇ.

10ಬಿಇ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಸಂಸ್ಥೆಗಳು ಇಡೀ ವರ್ಷದ ದೇಣಿಗೆಗಳ ವಿವರವನ್ನು ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ಅದೇ ದಿನದೊಳಗೆ ನಿಮಗೆ ಈ ಪ್ರಮಾಣಪತ್ರ ಕೊಡಬೇಕು. ಅದರ ಮೇಲಿನ ಎಆರ್‌ಎನ್ ಸಂಖ್ಯೆಯನ್ನು ನಾವು ರಿಟರ್ನ್‌ನಲ್ಲಿ ತುಂಬುತ್ತೇವೆ. ಸಂಸ್ಥೆ ವಿವರ ಸಲ್ಲಿಸದೇ ಹೋದರೆ ನಿಮ್ಮ ಕೈಯಲ್ಲಿ ಎಷ್ಟು ಚೆಂದದ ರಸೀದಿ ಇದ್ದರೂ ಕಡಿತ ನಿಲ್ಲುವುದಿಲ್ಲ. ಬಂದ 10ಬಿಇಯಲ್ಲಿ ನಿಮ್ಮ ಪ್ಯಾನ್, ಮೊತ್ತ, ಹಣ ಕೊಟ್ಟ ಬಗೆ ಈ ಮೂರನ್ನು ನೀವೇ ಒಮ್ಮೆ ನೋಡಿ. ಚೆಕ್ ಕೊಟ್ಟದ್ದು ಕಣ್ತಪ್ಪಿನಿಂದ ನಗದು ಎಂದು ಬಿದ್ದಿದ್ದರೆ ಸಂಸ್ಥೆಯವರು ತಿದ್ದುಪಡಿ ವಿವರ ಸಲ್ಲಿಸಿ ಹೊಸದು ಕೊಡಬಹುದು. ಜುಲೈ ಕೊನೆಯ ವಾರದಲ್ಲಿ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ, ಜೂನಿನಲ್ಲೇ ಕೇಳಿ.

ಫೋಟೊ ಕಳಿಸುವಾಗ ರಸೀದಿಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ನಾಲ್ಕೂ ಮೂಲೆ ಕಾಣುವಂತೆ ಹಗಲು ಬೆಳಕಿನಲ್ಲಿ ತೆಗೆಯಿರಿ. ಹಿಂಬದಿಯಲ್ಲಿ ಸೀಲು ಇದ್ದರೆ ಅದರದೂ ಒಂದು ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಸಣ್ಣ ಅಕ್ಷರ ಒಡೆಯುವುದಿಲ್ಲ. ಕಾರ್ಬನ್ ಪ್ರತಿ ಮಸುಕಾಗಿದ್ದರೆ ಮೂಲ ಕಾಗದವನ್ನೇ ಕಚೇರಿಗೆ ತನ್ನಿ.

ಈ ಪರಿಶೀಲನೆಗೆ ಫೀ ಹೆಚ್ಚಿಸಿಲ್ಲ. ಮೂರೂ ಕಾಗದ ಜೂನ್ 30ರೊಳಗೆ ತಲುಪಿದರೆ ಕಡಿತ ಸೇರಿಸಿಯೇ ರಿಟರ್ನ್ ಸಲ್ಲಿಸುತ್ತೇವೆ. ಆಮೇಲೆ ಬಂದವರಿಗೆ ಮೊದಲು ಕಡಿತ ಬಿಟ್ಟು ಸಲ್ಲಿಸಿ, ಕಾಗದ ಬಂದ ಮೇಲೆ ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಮಾಡಿಕೊಡುತ್ತೇವೆ.

ನಿಮ್ಮ ವಿಶ್ವಾಸಿಗಳು,
ತೆರಿಗೆ ಸಲಹಾ ಕಚೇರಿ, ಸೂಪರ್ ಮಾರ್ಕೆಟ್, ಕಲಬುರಗಿ