ಬಸವಣ್ಣನವರ ಜನಿವಾರ: ಯಾವ ಪುಸ್ತಕದ ಮಾತು?

ಮಾನ್ಯರೇ,

ನಮ್ಮೂರ ಬಸವ ಜಯಂತಿಯಲ್ಲಿ ಈ ಸಲ ಭಾಷಣಕಾರರಿಬ್ಬರು ಸಣ್ಣದಾಗಿ ಜಗಳವನ್ನೇ ಆಡಿದರು. ಬಸವಣ್ಣನವರು ಎಂಟನೇ ವಯಸ್ಸಿನಲ್ಲೇ ಉಪನಯನ ಬೇಡವೆಂದರು ಎಂದು ಒಬ್ಬರು ಹೇಳಿದರು. ಅವರ ಗುರು ಜಾತವೇದ ಮುನಿ, ಆದ್ದರಿಂದ ಪರಂಪರೆ ಇಂಥದ್ದೇ ಎಂದರು ಇನ್ನೊಬ್ಬರು. ಎರಡನ್ನೂ ನಿಮ್ಮ ಪತ್ರಿಕೆ ಇತಿಹಾಸವೆಂಬಂತೆ ಅಚ್ಚು ಹಾಕಿತು.

ನಮಗೆ ಸಿಕ್ಕಿರುವ ಅತಿ ಹಳೆಯ ಜೀವನಕಥೆ ಹರಿಹರನ ‘ಬಸವರಾಜದೇವರ ರಗಳೆ’. ಅವನು ಹೆಚ್ಚುಕಡಿಮೆ 1200ರ ಹೊತ್ತಿನವನು. ಅವನ ಪ್ರಕಾರ ಅಪ್ಪ ಅಮ್ಮ ಬೇಗ ತೀರಿಕೊಂಡರು, ಅಜ್ಜಿ ಸಾಕಿದರು, ಉಪನಯನ ಆಯಿತು. ದೊಡ್ಡವರಾದ ಮೇಲೆ ಬಸವಣ್ಣನವರೇ ಜನಿವಾರ ಕಿತ್ತೆಸೆದು ಸಂಗಮಕ್ಕೆ ನಡೆದರು. ಉಪನಯನವನ್ನೇ ನಿರಾಕರಿಸುವ ಹುಡುಗನ ಕಥೆ ಬರುವುದು ಆಮೇಲೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ. ಭೀಮಕವಿ 1369ರಲ್ಲಿ ಅದನ್ನು ಕನ್ನಡಕ್ಕೆ ತಂದ. ನಾವು ಮಕ್ಕಳಿಗೆ ಹೇಳುವುದು ಇದೇ ಕಥೆ. ಕೇಳಲು ಇದೇ ಚೆಂದ ಅಲ್ವಾ? ಆದರೆ ಹಾಕಿಕೊಂಡಿದ್ದನ್ನು ಕಿತ್ತೆಸೆಯುವುದೇ ಬೇರೆ, ಹಾಕಿಕೊಳ್ಳದೇ ಇರುವುದೇ ಬೇರೆ. ಹುಟ್ಟಿನಿಂದಲೇ ಪೂರ್ಣ ಶಿವಭಕ್ತ ಎಂದು ತೋರಿಸಬೇಕಾದ ಪುರಾಣಕ್ಕೆ ಒಂದು ದಿನದ ಜನಿವಾರವೂ ಅಡ್ಡಿ. ಹಾಗಾಗಿ ಹರಿಹರನ ಮಾತೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಅವನೂ ಕಡು ಶಿವಭಕ್ತ. ಆದರೂ ಈ ಮುಜುಗರದ ವಿಷಯವನ್ನು ಮುಚ್ಚಿಡಲಿಲ್ಲ.

ಗುರುವಿನ ವಿಷಯವೂ ಹೀಗೆಯೇ. ಹರಿಹರ ಹೇಳುವುದು ಈಶಾನ್ಯ ಗುರುಗಳ ಹೆಸರನ್ನು. ಅವರು ಸಂಗಮದ ಗುಡಿಯ ಸ್ಥಾನಪತಿ, ಅಂದರೆ ಗುಡಿಯ ಯಜಮಾನರು. ಬಂದ ಹುಡುಗನಿಗೆ ಆಶ್ರಯ ಕೊಡುತ್ತಾರೆ. ಆದರೆ ಲಿಂಗ ಸಿಗುವುದು ಅವರ ಕೈಯಿಂದ ಅಲ್ಲ, ಸಂಗಮನಾಥನ ಅಪ್ಪಣೆಯಂತೆ ನಂದಿಯ ಬಾಯಿಂದ! ಪವಾಡವನ್ನು ನಂಬಿ ಎನ್ನುತ್ತಿಲ್ಲ. ಈ ಹಳೆಯ ಕವಿ ಲಿಂಗ ಕೊಡುವ ಕೆಲಸವನ್ನು ಮನುಷ್ಯ ಗುರುವಿಗೆ ಒಪ್ಪಿಸಲಿಲ್ಲ ಎಂಬುದನ್ನು ಗಮನಿಸಿ. ಜಾತವೇದ ಮುನಿ ಎಂಬ ಹೆಸರು ಬರುವುದು ನಂತರದ ಪುರಾಣಗಳಲ್ಲಿ. ಆ ಹೆಸರು ಹಿಡಿದು ಪರಂಪರೆ ಕಟ್ಟಿದರೆ, ಅದು ಪುರಾಣ ಬರೆದವರ ಕಾಲದ ಪರಂಪರೆ ಆದೀತು.

ಹರಿಹರನನ್ನೂ ಸುಮ್ನೆ ಒಪ್ಪಬೇಕಿಲ್ಲ. 1260ರ ಅರ್ಜುನವಾಡ ಶಾಸನವಿದೆ. ಅದು ಕಾವ್ಯವಲ್ಲ. ಬಾಗೇವಾಡಿ, ತಂದೆ ಮಾದಿರಾಜ ಎಂಬ ವಿವರ ಅಲ್ಲಿಯೂ ಇದೆ, ಹರಿಹರನಿಗೆ ತಾಳೆಯಾಗುತ್ತದೆ. ಜನಿವಾರ, ಗುರು ಇವುಗಳಿಗೆ ಮಾತ್ರ ಅಂಥ ಕಲ್ಲಿನ ಸಾಕ್ಷಿ ಸಿಗುವುದಿಲ್ಲ. ಮೇಲಾಗಿ ಈ ರಗಳೆ ಪೂರ್ತಿ ಸಿಕ್ಕಿಲ್ಲ. ಆದ್ದರಿಂದ ಬಸವಣ್ಣನವರ ಕೊನೆಯ ದಿನಗಳ ಬಗ್ಗೆ ‘ಹರಿಹರನೇ ಹೇಳಿಲ್ಲವಲ್ಲ’ ಎಂಬ ವಾದ ನಡೆಯದು.

ಮುಂದಿನ ವರ್ಷದ ವರದಿಯಲ್ಲಿ ಎಂಟು ವರ್ಷದ ಹುಡುಗನ ಕಥೆ ಮತ್ತೆ ಬರಲಿ, ಬೇಡ ಎನ್ನುವುದಿಲ್ಲ. ಪಕ್ಕದಲ್ಲಿ ‘ಭೀಮಕವಿ ಹೇಳುವಂತೆ’ ಎಂದು ಎರಡೇ ಪದ ಸೇರಿಸಿ.

– ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು, ಸೋಮವಾರಪೇಟೆ, ಕೊಡಗು