ಗ್ರಾಹಕರ ಮೇಲ್ ಚಿಕ್ಕದು ಮಾಡುವಾಗ

ಎಲ್ಲರಿಗೂ ನಮಸ್ಕಾರ. ಮ್ಯೂಚುವಲ್ ಫಂಡ್ ಗ್ರಾಹಕರಿಗೆ ಹೋಗುವ ನಮ್ಮ ಮೇಲ್ ಜಾಸ್ತಿ ಉದ್ದವಾಗಿದೆ, ಕತ್ತರಿಸೋಣ. ಆದರೆ ಮೊದಲು ಬಿಡಲೇಬಾರದ ಸಾಲುಗಳಿಗೆ ಬಣ್ಣ ಹಚ್ಚಿಕೊಳ್ಳಿ: ಎಆರ್‌ಎನ್ ಸಂಖ್ಯೆ, ಆಂಫಿ ನೋಂದಾಯಿತ ವಿತರಕರು ಎಂಬ ಮಾತು, ಮಾರುಕಟ್ಟೆ ಅಪಾಯದ ಎಚ್ಚರಿಕೆ. ಎಚ್ಚರಿಕೆಯ ಒಂದಕ್ಷರವನ್ನೂ ಬದಲಿಸಬೇಡಿ. "ಸ್ವಲ್ಪ ರಿಸ್ಕ್ ಇದೆ" ಅಂತ ಬರೆದರೆ ಸಾಲದು.

ತಪ್ಪಾಗುವುದು ಹೆಚ್ಚಾಗಿ ಲಾಭದ ಅಂಕಿಯ ಹತ್ತಿರ. "5 ವರ್ಷ, ವರ್ಷಕ್ಕೆ 12% ಬಂದಿದೆ, ಹಿಂದಿನ ಗಳಿಕೆ ಮುಂದೆಯೂ ಸಿಗಬಹುದು, ಸಿಗದಿರಬಹುದು" ಎಂಬಲ್ಲಿ ಎರಡನೇ ಭಾಗ ತೆಗೆದರೆ ಓದುವವರಿಗೆ ಅದು ಭರವಸೆಯಂತೆ ಕಾಣುತ್ತದೆ, ಅಲ್ವಾ? ಜಾಗ ಬೇಕಿದ್ದರೆ ಎರಡನ್ನೂ ಒಟ್ಟಿಗೆ ತೆಗೆಯಿರಿ. ಪೀಠಿಕೆ, ಮಾರುಕಟ್ಟೆಯ ಕಥೆ ಧಾರಾಳವಾಗಿ ಹೋಗಲಿ. ಕಳಿಸುವ ಮುಂಚೆ ಹಳೆಯ ಮೇಲ್ ಪಕ್ಕದಲ್ಲಿಟ್ಟು ಬಣ್ಣದ ಸಾಲುಗಳನ್ನು ಒಂದೊಂದಾಗಿ ತಾಳೆ ನೋಡಿ.