ಕತ್ತು ಸೆಟೆಯುವವರೆಗೆ ಕಾಯಿಸಬೇಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಮಕ್ಕಳ ಮಿದುಳು ಜ್ವರದ, ಅಂದರೆ ಮೆನಿಂಜೈಟಿಸ್‌ನ ಬಗ್ಗೆ ಶಾಲೆಗಳಿಗೂ ಆರೋಗ್ಯ ಕೇಂದ್ರಗಳಿಗೂ ಕಳಿಸುವ ಸೂಚನೆಗಳಲ್ಲಿ ಸಾಮಾನ್ಯವಾಗಿ ಮೂರು ಲಕ್ಷಣಗಳು ಒಟ್ಟಿಗೆ ಇರುತ್ತವೆ: ಜ್ವರದ ಜೊತೆ ತೀವ್ರ ತಲೆನೋವು, ಸೆಟೆದ ಕತ್ತು, ಮೈಮೇಲೆ ಕೆಂಪು ಚುಕ್ಕೆ. ಮೂರೂ ನಿಜವೇ. ತೊಂದರೆ ಇರುವುದು ಅವು ಕಾಣಿಸಿಕೊಳ್ಳುವ ಹೊತ್ತಿನಲ್ಲಿ. ಮೂರೂ ಸೇರಿದ ಮೇಲೆ ಗುರುತಿಸುವುದು ಯಾರಿಗೂ ಕಷ್ಟವಲ್ಲ, ಆದರೆ ಅಷ್ಟರಲ್ಲಿ ಮಗು ಅಪಾಯದ ಅಂಚಿಗೆ ಬಂದಿರುತ್ತದೆ. ಮಕ್ಕಳ ವೈದ್ಯರು ಮತ್ತು ತುರ್ತು ವಿಭಾಗದ ಶುಶ್ರೂಷಕರಾದ ನಾವು ಕೇಳುತ್ತಿರುವುದು ಈ ಸೂಚನೆಗೆ ಗಡಿಯಾರವನ್ನು ಸೇರಿಸಿ ಎಂದು.

ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್‌ಗೆ, ಅಂದರೆ ಮಿದುಳಿನ ಪೊರೆಯ ಸೋಂಕಿಗೆ, ಹಸುಗೂಸುಗಳನ್ನು ಬಿಟ್ಟರೆ ಮುಖ್ಯ ಕಾರಣಗಳು ಮೂರು: ಮೆನಿಂಗೊಕಾಕಸ್, ನ್ಯುಮೊಕಾಕಸ್ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾಗಳು. ಹಿಬ್ ಮತ್ತು ನ್ಯುಮೊಕಾಕಸ್ ಲಸಿಕೆಗಳು ತಲುಪಿದ ಕಡೆ ಆ ಎರಡರ ಹಾವಳಿ ಬಹಳ ತಗ್ಗಿದೆ. ಈ ಪತ್ರದಲ್ಲಿ ನಾವು ಹೆಚ್ಚು ಮಾತಾಡುವುದು ಮೆನಿಂಗೊಕಾಕಸ್ ಬಗ್ಗೆ. ಚುಕ್ಕೆ ಹುಟ್ಟಿಸುವುದು ಮುಖ್ಯವಾಗಿ ಇದೇ, ಹದಿಹರೆಯದವರನ್ನು ಹಿಡಿಯುವುದೂ ಇದೇ, ಗಂಟೆಗಳ ಲೆಕ್ಕದಲ್ಲಿ ಓಡುವುದೂ ಇದೇ.

2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಪ್ರಕಟವಾಯಿತು. ಮೆನಿಂಗೊಕಾಕಸ್ ತಗುಲಿದ, 16 ವರ್ಷದವರೆಗಿನ 448 ಮಕ್ಕಳಲ್ಲಿ ಯಾವ ಲಕ್ಷಣ ಎಷ್ಟನೇ ಗಂಟೆಗೆ ಬಂತು ಎಂದು ಅದರಲ್ಲಿ ಲೆಕ್ಕ ಹಾಕಿದ್ದರು. ಮೊದಲ 4ರಿಂದ 6 ಗಂಟೆ ಹೆಚ್ಚಿನ ಮಕ್ಕಳಲ್ಲಿ ಇದ್ದದ್ದು ಬರೀ ಜ್ವರ, ವಾಂತಿ, ಸುಸ್ತು, ಕಿರಿಕಿರಿ. ಸುಮಾರು 8ನೇ ಗಂಟೆಗೆ ಕಾಲುನೋವು, ತಣ್ಣಗಾದ ಕೈಕಾಲು, ಬಿಳಿಚಿದ ಅಥವಾ ಮಚ್ಚೆಮಚ್ಚೆಯಾದ ಚರ್ಮ. ನಾವು ಪಾಠಪುಸ್ತಕದಲ್ಲಿ ಓದಿದ ಚುಕ್ಕೆ, ಕತ್ತಿನ ಬಿಗಿತ, ಮಂಪರು ಕಾಣಿಸಿದ್ದು 13ರಿಂದ 22 ಗಂಟೆಗಳ ನಡುವೆ. ಮೊದಲ ಸಲ ವೈದ್ಯರು ನೋಡಿದಾಗ ಆಸ್ಪತ್ರೆಗೆ ಕಳಿಸಿದ್ದು ಸುಮಾರು ಅರ್ಧದಷ್ಟು ಮಕ್ಕಳನ್ನು ಮಾತ್ರ. ಉಳಿದವರನ್ನು ನೋಡಿದ ವೈದ್ಯರು ಅಜಾಗರೂಕರಾಗಿದ್ದರೆಂದು ನಮಗನಿಸುವುದಿಲ್ಲ. ಅವರು ಹುಡುಕಿದ ಲಕ್ಷಣಗಳು ಆ ಹೊತ್ತಿಗೆ ಇನ್ನೂ ಹುಟ್ಟಿರಲಿಲ್ಲ.

ಈ ಲೆಕ್ಕವನ್ನು ಒಂದು ಮಗುವಿನ ಮೇಲಿಟ್ಟು ನೋಡೋಣ. ಹದಿನೈದು ವರ್ಷದ ಹುಡುಗಿ, ಸಂಜೆ 6ಕ್ಕೆ ಜ್ವರ, ತಲೆನೋವು. ಪ್ಯಾರಾಸಿಟಮಾಲ್ ಕೊಟ್ಟ ಮೇಲೆ 8ರ ಹೊತ್ತಿಗೆ ಜ್ವರ ಇಳಿಯುತ್ತದೆ, ಮನೆಯವರಿಗೆ ಸಮಾಧಾನ. ಮಾತ್ರೆಗೆ ಜ್ವರ ಇಳಿಯಿತು ಎನ್ನುವುದು ಕಾಯಿಲೆ ಯಾವುದೆಂದು ಹೇಳುವುದೇ ಇಲ್ಲ, ಮೆನಿಂಜೈಟಿಸ್‌ನಲ್ಲೂ ಇಳಿಯುತ್ತದೆ. ರಾತ್ರಿ 2ಕ್ಕೆ ಎದ್ದು ಕಾಲು ಸೆಳೆಯುತ್ತಿದೆ ಎಂದು ಅಳುತ್ತಾಳೆ, ನಿಲ್ಲಲಾಗುವುದಿಲ್ಲ. ಮೈ ಸುಡುತ್ತಿದೆ, ಅಂಗೈ ಮಾತ್ರ ತಣ್ಣಗಿದೆ. ರೋಗಾಣು ರಕ್ತಕ್ಕೆ ಇಳಿದು ವಿಷ ಬಿಡುತ್ತಿರುವುದರಿಂದ ದೇಹವು ಕೈಕಾಲಿನ ರಕ್ತವನ್ನು ತಗ್ಗಿಸಿ ಹೃದಯ, ಮಿದುಳಿನತ್ತ ತಿರುಗಿಸುತ್ತಿದೆ. ಕತ್ತಿಗೂ ಇದಕ್ಕೂ ಇನ್ನೂ ಸಂಬಂಧವಿಲ್ಲ, ಇದು ರಕ್ತದ ನಂಜು. ಬೆಳಗ್ಗೆ 7ಕ್ಕೆ ವೈದ್ಯರ ಬಳಿ ಹೋದರೆ ಕತ್ತು ಸಲೀಸಾಗಿ ಬಾಗುತ್ತದೆ, ಮೈಮೇಲೆ ಏನೂ ಇಲ್ಲ. "ವೈರಲ್ ಜ್ವರ, ಮೂರು ದಿನ ಬಿಟ್ಟು ಬನ್ನಿ." ಬೆಳಗ್ಗೆ 10ಕ್ಕೆ ಸೊಂಟದ ಬಳಿ ನಾಲ್ಕು ಚುಕ್ಕೆ. ಮಧ್ಯಾಹ್ನ 12ಕ್ಕೆ ಕತ್ತು ಸೆಟೆದಿರುತ್ತದೆ, ಕರೆದರೆ ಅಸಂಬದ್ಧವಾಗಿ ಉತ್ತರಿಸುತ್ತಾಳೆ. ನಿಮ್ಮ ಸೂಚನಾಪತ್ರದ ಮೂರೂ ಲಕ್ಷಣಗಳು ಈಗ ಕೂಡಿಬಂದವು, 18 ಗಂಟೆ ಕಳೆದ ಮೇಲೆ.

ಬೆಳಗಿನ 7ಕ್ಕೆ ಏನು ಮಾಡಬಹುದಿತ್ತು? ರಾತ್ರಿಯ ಕಾಲುನೋವನ್ನು ಕೇಳಿ ತಿಳಿಯಬಹುದಿತ್ತು. ನಾಡಿ, ಉಸಿರಿನ ಗತಿ ಎಣಿಸಬಹುದಿತ್ತು. ಎದೆಮೂಳೆಯ ಮೇಲೆ ಬೆರಳಿನಿಂದ 5 ಸೆಕೆಂಡ್ ಒತ್ತಿ ಬಿಟ್ಟರೆ ಆ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. 3 ಸೆಕೆಂಡ್ ಮೀರಿದರೆ ರಕ್ತಸಂಚಾರ ಕುಗ್ಗುತ್ತಿದೆ. ಇದಕ್ಕೆ ಬೇಕಿರುವುದು ಒಂದು ಗಡಿಯಾರ. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಜ್ವರ ಏರುವಾಗ ಚಳಿ ಹತ್ತಿ ಕೈಕಾಲು ತಣ್ಣಗಾಗುವುದು ಯಾವ ಜ್ವರದಲ್ಲೂ ಇದ್ದದ್ದೇ, ಅದೊಂದನ್ನೇ ಹಿಡಿದುಕೊಂಡು ಹೆದರಿಸಬೇಕಾಗಿಲ್ಲ. ಆದರೆ ನಡೆಯಲಾಗದಷ್ಟು ಕಾಲುನೋವು, ಬೆಳಕು ನೋಡಲಾಗದಿರುವುದು, ಗೊಂದಲದ ಮಾತು, ಇವು ಸಾಮಾನ್ಯ ಜ್ವರದಲ್ಲಿ ಅಪರೂಪ. ಹದಿಹರೆಯದವರಲ್ಲಿ ಗೊಂದಲವನ್ನು ಸಿಟ್ಟು, ಹಟ, ಕೆಲವೊಮ್ಮೆ ಕುಡಿತ ಎಂದು ತಪ್ಪಾಗಿ ತಿಳಿಯುವುದುಂಟು. ಜ್ವರ ಬಂದ ಹುಡುಗ ಕಾರಣವಿಲ್ಲದೆ ಕೂಗಾಡತೊಡಗಿದರೆ ಅವನ ನಡತೆಯನ್ನಲ್ಲ, ಮಿದುಳನ್ನು ಅನುಮಾನಿಸಬೇಕು.

ಇನ್ನು ಕತ್ತಿನ ಪರೀಕ್ಷೆ. "ಕತ್ತು ನೋಯುತ್ತಾ?" ಎಂದು ಕೇಳುವುದು ಪರೀಕ್ಷೆಯಲ್ಲ. ಮಗುವನ್ನು ಅಂಗಾತ ಮಲಗಿಸಿ, ತಲೆಯ ಕೆಳಗೆ ಕೈಯಿಟ್ಟು, ಗಲ್ಲ ಎದೆಗೆ ತಾಗುವಂತೆ ಮೆಲ್ಲಗೆ ಎತ್ತಬೇಕು. ಕೂತ ಮಗುವಾದರೆ ತನ್ನ ಹೊಕ್ಕುಳು ನೋಡಲು ಹೇಳಿದರೂ ಸಾಕು. ಮುಂದಕ್ಕೆ ಬಾಗಿಸಿದಾಗ ಊದಿಕೊಂಡ ಪೊರೆಗಳು ಬೆನ್ನುಹುರಿಯುದ್ದಕ್ಕೂ ಎಳೆಯಲ್ಪಡುತ್ತವೆ, ಅದನ್ನು ತಡೆಯಲು ಸ್ನಾಯುಗಳು ಬಿಗಿಯುತ್ತವೆ. ಎಡಕ್ಕೆ ಬಲಕ್ಕೆ ತಿರುಗಿಸಿದರೆ ಅಷ್ಟು ಎಳೆತವಿಲ್ಲ. ಹೀಗಾಗಿ ಪಕ್ಕಕ್ಕೆ ಸಲೀಸಾಗಿ ತಿರುಗುವ ಕತ್ತು ಮುಂದಕ್ಕೆ ಬಾಗದಿದ್ದರೆ ಪೊರೆಯ ಉರಿಯೂತದ ಅನುಮಾನ ಬಲವಾಗುತ್ತದೆ. ಗಂಟಲ ಗಂಟು ಊದಿದ್ದರೆ, ಕತ್ತು ಉಳುಕಿದ್ದರೆ ಪಕ್ಕಕ್ಕೆ ತಿರುಗಿಸುವಾಗಲೂ ನೋವು. ಎರಡು ವರ್ಷದೊಳಗಿನವರಲ್ಲಿ ಮಾತ್ರ ಈ ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ. ಕೂಸಿನ ನೆತ್ತಿ ಉಬ್ಬಿದೆಯೇ, ಹಾಲು ಬಿಟ್ಟಿದೆಯೇ, ಎತ್ತಿಕೊಂಡರೆ ಸುಮ್ಮನಾಗುವ ಬದಲು ಇನ್ನೂ ಜೋರಾಗಿ ಕಿರುಚುತ್ತದೆಯೇ ಎಂದು ನೋಡಬೇಕು. ಆಳವಾದ ಪ್ರಜ್ಞಾಹೀನತೆಯಲ್ಲಿ ಸೆಟೆದ ಕತ್ತೂ ಸಡಿಲವಾಗಬಲ್ಲದು, ಅದನ್ನು ಚೇತರಿಕೆ ಎಂದುಕೊಂಡರೆ ಕೆಟ್ಟೆವು.

ಚುಕ್ಕೆಗೆ ಗಾಜಿನ ಲೋಟದ ಪರೀಕ್ಷೆ. ತೆಳ್ಳನೆಯ ಪಾರದರ್ಶಕ ಲೋಟದ ಬದಿಯನ್ನು ಚುಕ್ಕೆಯ ಮೇಲೆ ಗಟ್ಟಿಯಾಗಿ ಒತ್ತಿ, ಗಾಜಿನ ಮೂಲಕವೇ ನೋಡಬೇಕು. ಸಾಮಾನ್ಯ ದದ್ದು ಹಿಗ್ಗಿದ ರಕ್ತನಾಳಗಳದ್ದು, ಒತ್ತಿದರೆ ಬಣ್ಣ ಮಾಯ. ಇಲ್ಲಿ ರಕ್ತ ನಾಳದಿಂದ ಹೊರಗೆ ಸೋರಿರುತ್ತದೆ, ಒತ್ತಿದರೂ ಹೋಗದು. ಈ ಪರೀಕ್ಷೆ ಸರಳವಾದರೂ ತಪ್ಪುವ ದಾರಿಗಳು ಬಹಳ. ಆರಂಭದ ದದ್ದು ಕೆಲವರಲ್ಲಿ ಒತ್ತಿದಾಗ ಮಾಯವಾಗುತ್ತದೆ, ಕೆಲವೇ ಗಂಟೆಗಳಲ್ಲಿ ಬದಲಾಗುತ್ತದೆ. ಒಮ್ಮೆ ನೋಡಿ ಬಿಟ್ಟರೆ ಸಾಲದು. ಕಪ್ಪು ಚರ್ಮದಲ್ಲಿ ಚುಕ್ಕೆ ಕಣ್ಣಿಗೆ ಬೀಳುವುದೇ ಕಷ್ಟ, ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಮೈ, ಬಾಯಿಯ ಮೇಲ್ಛಾವಣಿ ನೋಡಬೇಕು. ಬಟ್ಟೆ ಬಿಚ್ಚದೆ ನೋಡಿದ್ದು ನೋಡಿದಂತಲ್ಲ. ಒಳಉಡುಪು, ಕಾಲುಚೀಲ ಬಿಗಿದ ಜಾಗದಲ್ಲೇ ಮೊದಲ ಚುಕ್ಕೆ ಅಡಗಿರಬಹುದು. ಜೋರಾಗಿ ವಾಂತಿ, ಕೆಮ್ಮು ಮಾಡಿದ ಮಗುವಿನ ಮುಖ, ಕತ್ತಿನಲ್ಲಷ್ಟೇ ಇಂಥ ಸಣ್ಣ ಚುಕ್ಕೆಗಳು ಏಳುವುದೂ ಉಂಟು. ಎದೆಯಿಂದ ಕೆಳಗೆ ಇದ್ದರೆ, 2 ಮಿಲಿಮೀಟರ್ ಮೀರಿದ ನೇರಳೆ ಕಲೆಯಾದರೆ, ಅಥವಾ ನೋಡನೋಡುತ್ತಾ ಹರಡಿದರೆ ಕಾಯುವ ಮಾತೇ ಇಲ್ಲ. ನ್ಯುಮೊಕಾಕಸ್ ಮೆನಿಂಜೈಟಿಸ್‌ನಲ್ಲಿ ಚುಕ್ಕೆ ಬರುವುದು ತೀರಾ ಅಪರೂಪ. ಚುಕ್ಕೆಯಿಲ್ಲ ಎಂಬ ಧೈರ್ಯದ ಮೇಲೆ ಯಾರನ್ನೂ ಮನೆಗೆ ಕಳಿಸುವಂತಿಲ್ಲ.

ನಮ್ಮ ಎರಡನೆಯ ಕೋರಿಕೆ ಔಷಧಿಯದ್ದು. ಅನುಮಾನ ಬಂದ ಮೊದಲ ಕೇಂದ್ರದಲ್ಲೇ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಇರಬೇಕು, ಕೊಡುವ ಅಧಿಕಾರವೂ ಇರಬೇಕು. ಮಗುವಿನ ತೂಕದ ಪ್ರತಿ ಕಿಲೋಗೆ 80ರಿಂದ 100 ಮಿಲಿಗ್ರಾಂ, ಒಟ್ಟು 4 ಗ್ರಾಂ ಮೀರದಂತೆ. 20 ಕಿಲೋ ಮಗುವಿಗೆ 1.6ರಿಂದ 2 ಗ್ರಾಂ. ನರ ಸಿಕ್ಕರೆ ನರಕ್ಕೆ, ಸಿಗದಿದ್ದರೆ ಸ್ನಾಯುವಿಗೆ, ಒಂದೇ ಜಾಗಕ್ಕೆ ಚುಚ್ಚದೆ ಹಂಚಿ. ಆದರೆ ಚುಚ್ಚುಮದ್ದು ಹುಡುಕುತ್ತಾ ವಾಹನವನ್ನು ನಿಲ್ಲಿಸಬಾರದು. ಆಸ್ಪತ್ರೆಯಲ್ಲಂತೂ ಮಗು ಬಂದ ಒಂದು ಗಂಟೆಯೊಳಗೆ ಮೊದಲ ಡೋಸ್ ಮೈಗೆ ಸೇರಿರಬೇಕು.

ಈ ಒಂದು ಗಂಟೆ ಎಲ್ಲಿ ಕಳೆದುಹೋಗುತ್ತದೆ ಎಂಬುದು ನಮಗೆ ಗೊತ್ತು: ಸ್ಕ್ಯಾನ್ ಕೋಣೆಯ ಮುಂದಿನ ಸಾಲಿನಲ್ಲಿ. ಸಿಟಿ ಸ್ಕ್ಯಾನ್ ಸರಿಯಿದ್ದರೂ ಮೆನಿಂಜೈಟಿಸ್ ಇರಬಹುದು. ಕಾಯಿಲೆಯನ್ನು ಖಚಿತಪಡಿಸುವುದು ಬೆನ್ನಿನಿಂದ ತೆಗೆದ ನೀರು. ತಿಳಿಯಾಗಿರಬೇಕಾದ ಅದು ಮಸುಕಾಗಿ ಬರುತ್ತದೆ, ಬಿಳಿಕಣಗಳು ನೂರಾರು, ಸಾವಿರಾರು ಇರುತ್ತವೆ, ಸಕ್ಕರೆ ರಕ್ತದಲ್ಲಿರುವುದರ ಅರ್ಧಕ್ಕಿಂತ ಬಹಳ ಕೆಳಗಿಳಿದಿರುತ್ತದೆ, ಪ್ರೋಟೀನ್ ಏರಿರುತ್ತದೆ. ನಾಡಿ ಕುಸಿಯುತ್ತಿರುವ ಮಗುವಿಗೆ, ಚುಕ್ಕೆ ಹರಡುತ್ತಿರುವಾಗ, ಪ್ರಜ್ಞೆ ಇಳಿಯುತ್ತಿರುವಾಗ ಬೆನ್ನಿಗೆ ಸೂಜಿ ಹಾಕಬಾರದು. ಆಗ ರಕ್ತವನ್ನು ಕಲ್ಚರ್‌ಗೆ ತೆಗೆದು, ಔಷಧಿ ಹಾಕಿ, ಬೆನ್ನಿನ ನೀರನ್ನು ಆಮೇಲೆ ನೋಡಿದರಾಯಿತು. ಔಷಧಿ ಬಿದ್ದ ಕೆಲವೇ ಗಂಟೆಗಳಲ್ಲಿ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೆ ಹೋಗಬಹುದು, ನಿಜ. ಆದರೆ ಬಿಳಿಕಣಗಳ ಏರಿಕೆ ಅಷ್ಟು ಬೇಗ ಇಳಿಯದು, ಪಿಸಿಆರ್ ಪರೀಕ್ಷೆ ಕೂಡ ಸುಳಿವು ಕೊಡುತ್ತದೆ. ನಿಜಕ್ಕೂ ದಾರಿ ತಪ್ಪಿಸುವುದು ಮೊದಲೇ ಕೊಟ್ಟ ಅರೆಬರೆ ಆ್ಯಂಟಿಬಯಾಟಿಕ್ ಸಿರಪ್. ಅದು ಜ್ವರವನ್ನು ಮಂಕಾಗಿಸಿ, ಪರೀಕ್ಷೆಯನ್ನು ಮಸುಕಾಗಿಸಿ, ಕಾಯಿಲೆಯನ್ನು ಹಾಗೆಯೇ ಉಳಿಸುತ್ತದೆ. ಸೂಚನಾಪತ್ರದಲ್ಲಿ ಇದಕ್ಕೂ ಒಂದು ಸಾಲು ಇರಲಿ.

ಎಷ್ಟು ಎಚ್ಚರಿಕೆ ವಹಿಸಿದರೂ ಮೊದಲ 6 ಗಂಟೆಗಳಲ್ಲಿ ಬಂದ ಮಗುವಿನಲ್ಲಿ ಯಾವ ವೈದ್ಯರಿಗೂ ಏನೂ ಸಿಗದಿರಬಹುದು. ಅದಕ್ಕಾಗಿಯೇ "ಮೂರು ದಿನ ಬಿಟ್ಟು ಬನ್ನಿ" ಎಂಬ ಮಾತನ್ನು ಈ ಕಾಯಿಲೆಯ ಮಟ್ಟಿಗೆ ನಿಲ್ಲಿಸಬೇಕು. ಜ್ವರದ ಮಗುವನ್ನು ಮನೆಗೆ ಕಳಿಸುವಾಗ ಕೈಗೆ ಕೊಡಲು ಒಂದು ಚೀಟಿಯ ಕರಡನ್ನು ನಿಮ್ಮ ಇಲಾಖೆಯ ಒಪ್ಪಿಗೆಗಾಗಿ ಇಲ್ಲಿ ಬರೆಯುತ್ತಿದ್ದೇವೆ:

"ಜ್ವರ ಶುರುವಾದದ್ದು ______ ಗಂಟೆಗೆ. ವೈದ್ಯರು ನೋಡಿದ್ದು ______ ಗಂಟೆಗೆ. ರಾತ್ರಿಯಾದರೂ ಸರಿ, 4 ಗಂಟೆಗೊಮ್ಮೆ ಮಗುವನ್ನು ಎಬ್ಬಿಸಿ ಮಾತಾಡಿಸಿ, ದೀಪ ಹಾಕಿ ಮೈಪೂರ್ತಿ ನೋಡಿ, ಗಲ್ಲವನ್ನು ಎದೆಗೆ ತಾಗಿಸಲು ಹೇಳಿ. ಒತ್ತಿದರೂ ಹೋಗದ ಚುಕ್ಕೆ, ಬಾಗದ ಕತ್ತು, ನಡೆಯಲಾಗದ ಕಾಲುನೋವು, ಎಬ್ಬಿಸಿದರೂ ಏಳದ ಮಂಪರು, ತಾಳಮೇಳವಿಲ್ಲದ ಮಾತು, ಫಿಟ್ಸ್: ಇವುಗಳಲ್ಲಿ ಒಂದೇ ಒಂದು ಕಂಡರೂ ಎರಡನೆಯದಕ್ಕೆ ಕಾಯದೆ ನೇರ ಆಸ್ಪತ್ರೆಗೆ ಬನ್ನಿ. ಈ ಚೀಟಿಯನ್ನು ತೋರಿಸಿ, ಸಾಲಿನಲ್ಲಿ ನಿಲ್ಲಬೇಡಿ."

ಇಂತಿ,
ಮಕ್ಕಳ ವೈದ್ಯರು ಮತ್ತು ತುರ್ತು ವಿಭಾಗದ ಶುಶ್ರೂಷಕರು